ನೋಟಿಸಿನ ಎಡಗಡೆಯ ಫೋಟೋ

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕೆಲಸದವರೆಲ್ಲ ಯಾವ ಬಟ್ಟೆ ಹಾಕಬೇಕು, ಕೂದಲು, ಉಗುರು, ಗಡ್ಡ ಹೇಗಿಟ್ಟುಕೊಳ್ಳಬೇಕು ಎಂಬ ನೋಟಿಸು ನಮ್ಮ ಹೋಟೆಲಿನ ಅಡುಗೆಮನೆಗೆ ಬಂದಾಗ, ನನ್ನ ಗಂಡ ತೀರಿಕೊಂಡು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಇಲ್ಲಿ ಎಲ್ಲರೂ ರೆಸ್ಟೋರೆಂಟು ಅನ್ನುತ್ತಾರೆ. ನಮ್ಮವರ ಬಾಯಲ್ಲಿ ಮಾತ್ರ ಕೊನೆಯವರೆಗೂ ಅದು ಹೋಟೆಲೇ. ನನಗೂ ಹಾಗೇ ರೂಢಿ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಆ ಹೋಟೆಲು ಶುರುವಾದ ದಿನದಿಂದ ಅಲ್ಲಿ ಪಲ್ಯ, ಸಾರು, ಎಣ್ಣೆಗಾಯಿ ಎಲ್ಲ ಅವರದೇ ಕೈ. ನಾನು ಅವರ ಹಿಂದೆ, ಗೋಡೆಯ ಬದಿಗೆ, ಜೋಳದ ರೊಟ್ಟಿ ಬಡಿಯುತ್ತೇನೆ. ಬಹಳ ವರ್ಷ ನಾನು ನೋಡಿದ್ದು ಅವರ ಬೆನ್ನನ್ನೇ. ಮನೆಯಲ್ಲಿ ಇರುವಾಗ ಮುಖ, ಕೆಲಸದಲ್ಲಿ ಬೆನ್ನು. ರೊಟ್ಟಿ ತಿರುವಿ ಹಾಕಿ ತಲೆ ಎತ್ತಿದರೆ ಹೆಗಲ ಮೇಲೆ ಟವೆಲ್ಲು ಹೊದ್ದ ಆ ಬೆನ್ನು ಕಾಣಬೇಕು. ಬಿಸಿ ಪಾತ್ರೆ ಇಳಿಸುವುದಕ್ಕೂ ಅದೇ ಟವೆಲ್ಲು, ಬೆವರು ಒರೆಸುವುದಕ್ಕೂ ಅದೇ. ಹಾಗೆ ಮಾಡಬಾರದು ಎಂದು ಎಷ್ಟು ಸಲ ಹೇಳಿದರೂ ಅವರು ಬಿಡಲಿಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ. ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ತಪಾಸಣೆಯವರು ಬಂದಾಗೆಲ್ಲ ನಮ್ಮವರು ಅದನ್ನು ತೆಗೆದು ಬಕೆಟ್ಟಿಗೆ ಹಾಕುತ್ತಿದ್ದರು, ತಪಾಸಣೆಯವರು ಹೋದಮೇಲೆ ಇನ್ನೊಂದು ಹೆಗಲೇರುತ್ತಿತ್ತು.

ಅವರು ತೀರಿಹೋದದ್ದು ಹೃದಯಾಘಾತದಿಂದ, ಆಸ್ಪತ್ರೆಯಲ್ಲಿ, ಒಂದು ಸೋಮವಾರ. ಹೋಟೆಲಿಗೆ ಸೋಮವಾರ ರಜೆ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಇಲ್ಲಿ ಅದು ಆಗುವುದಿಲ್ಲವೆಂದರು, ಪೆಟ್ಟಿಗೆಯಲ್ಲಿ ಮಲಗಿಸಿದೆವು. ಪೆಟ್ಟಿಗೆಯವರು, ತಲೆ ಹೇಗೆ ಬಾಚಬೇಕೆಂದು ನೋಡುವುದಕ್ಕೆ ಒಂದು ಫೋಟೋ ಕೊಡಿ ಎಂದು ಕೇಳಿದರು. ನನ್ನ ಮಗಳು ಹುಡುಕಿ ಹುಡುಕಿ, ಗ್ರೀನ್ ಕಾರ್ಡಿಗೆಂದು ತೆಗೆಸಿದ್ದ ಫೋಟೋ ಕೊಟ್ಟಳು. ಬೇರೆ ಇರಲಿಲ್ಲ. ಯಾರಾದರೂ ಫೋನು ಎತ್ತಿದರೆ ಅವರು ಬೇರೆ ಕಡೆ ತಿರುಗುವವರು. ಹಬ್ಬದ ಫೋಟೋಗಳಲ್ಲಿ ಅರ್ಧ ಕಿವಿ, ಒಂದು ಭುಜ, ಕೈಯಲ್ಲಿರುವ ತಟ್ಟೆ, ಅಷ್ಟೇ. ಈಗ ಮನೆಯ ಗೋಡೆಯ ಮೇಲೆ ಹಾರ ಹಾಕಿಕೊಂಡು ಕೂತಿರುವುದು ಆ ಗ್ರೀನ್ ಕಾರ್ಡಿನ ಫೋಟೋವೇ, ದೊಡ್ಡದು ಮಾಡಿಸಿದ್ದು. ಕಣ್ಣು ಅಗಲ ಬಿಟ್ಟು, ಉಸಿರು ಹಿಡಿದು, ಏನೋ ವಿಚಾರಣೆಗೆ ನಿಲ್ಲಿಸಿದವರ ಹಾಗೆ ಕಾಣುತ್ತಾರೆ. ಅದನ್ನು ನೋಡಿ ಅಳು ಬರುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು.

ನೋಟಿಸನ್ನು ಕೈ ತೊಳೆಯುವ ಸಿಂಕಿನ ಮೇಲೆ ಅಂಟಿಸಿದ್ದರು. ಅಡುಗೆಮನೆಯಲ್ಲಿ ಯಾರೂ ತಪ್ಪಿಸಿಕೊಳ್ಳಲಾಗದ ಜಾಗ ಅದು. ಮೇಲೆ ಇಂಗ್ಲಿಷು, ಕೆಳಗೆ ಸ್ಪ್ಯಾನಿಷು. ಕನ್ನಡ ಇರಲಿಲ್ಲ. ಅದರ ಮುಂದೆ ಮೊದಲು ನಿಂತವನು ದೋಸೆಯವನು. ಕುಂದಾಪುರದ ಕಡೆಯವನು, ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಾನೆ. ಅವನೇ ಓದಿ ಹೇಳಿದ.

“ಕಪ್ಪು ಟೀ ಶರ್ಟ್ ಅವರೇ ಕೊಡ್ತಾರಂತೆ, ಹೆಸರು ಹಾಕಿ. ಕಪ್ಪು ಪ್ಯಾಂಟು ನಮ್ದು. ಜಾರದ ಶೂ ಹಾಕ್ಬೇಕು, ಚಪ್ಪಲಿ ಇಲ್ಲ. ತಲೆಗೆ ನೆಟ್ಟು, ಮೇಲೆ ಟೋಪಿ. ಉಗುರು ಸಣ್ಣ ಇರ್ಬೇಕು, ಬಣ್ಣ ಹಚ್ಬಾರ್ದು. ಕೈಯಲ್ಲಿ ಬಳೆ, ವಾಚು, ದಾರ ಇರ್ಬಾರ್ದು, ಒಂದು ಸಾದಾ ಉಂಗುರ ಇದ್ರೆ ಅಡ್ಡಿಲ್ಲ. ಅಕ್ಕ, ಇದು ನೋಡಿ, ಗಡ್ಡಕ್ಕೂ ನೆಟ್ಟು!”

“ಗಡ್ಡಕ್ಕ ನೆಟ್ಟಾ?”

“ಹೌದು ಮಾರಾಯ್ರೆ. ನಮ್ಮೂರಲ್ಲಿ ಬಲೆ ಹಾಕೂದು ಮೀನಿಗೆ. ಇಲ್ಲಿ ನಮ್ಮ ಮುಖಕ್ಕೆ. ಕಡೆಗೆ ಒಂದೆರಡು ಬಂಗಡೆ ಸಿಕ್ಕಿದ್ರೆ ನಿಮಗೂ ಕೊಡ್ತೆ.”

ನಾನು ನಕ್ಕೆ. ಅವರು ಹೋದಮೇಲೆ ಅಡುಗೆಮನೆಯಲ್ಲಿ ನಾನು ಮೊದಲ ಸಲ ನಕ್ಕದ್ದು ಅದೇ ಇರಬೇಕು. ದೋಸೆಯವನು ಮುಂದೆ ಓದಲಿಲ್ಲ. ಕೆಳಗಡೆ ಎರಡು ಫೋಟೋ ಇದ್ದವು, ಅದನ್ನು ನೋಡಿ ತಟ್ಟನೆ ಬಾಯಿ ಮುಚ್ಚಿದ. ಹಿಟ್ಟು ನೋಡಬೇಕು ಎಂದು ಹೇಳಿ ಹೋಗಿಬಿಟ್ಟ. ನಾನು ಕನ್ನಡಕ ಹಾಕಿರಲಿಲ್ಲ. ಕೈ ತೊಳೆದು ನನ್ನ ಜಾಗಕ್ಕೆ ಹೋದೆ.

ತರಕಾರಿ ಹೆಚ್ಚುವ ಹೆಂಗಸು ಗ್ವಾಟೆಮಾಲಾದವಳು, ಸ್ಪ್ಯಾನಿಷ್ ಮಾತಿನವಳು. ನನ್ನ ರೊಟ್ಟಿಯನ್ನು ಅವಳು ಮೊದಲ ದಿನ ಮುಟ್ಟಿ ನೋಡಿ, ತನ್ನ ಊರಿನದ್ದೂ ಹೀಗೇ, ಆದರೆ ಅದು ಚಿಕ್ಕದು ಎಂದು ಕೈಯಲ್ಲಿ ತೋರಿಸಿದ್ದಳು. ನಮ್ಮವರು ಅವಳಿಗೆ “ಬಾ”, “ಸಾಕು”, “ಖಾರ” ಎಂಬ ಮಾತು ಕಲಿಸಿದ್ದರು. ಆ ಬೆಳಿಗ್ಗೆ ಅವಳು ಸಿಂಕಿಗೆ ಹೋದವಳು ನೋಟಿಸನ್ನು ಸ್ವಲ್ಪ ಹೊತ್ತು ನೋಡಿ, ಹಣೆಗೆ, ಎದೆಗೆ, ಎರಡು ಭುಜಕ್ಕೆ ಬೆರಳು ಮುಟ್ಟಿಸಿ ಶಿಲುಬೆ ಗುರುತು ಮಾಡಿಕೊಂಡಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು.

ಬಟ್ಟೆಯ ನೋಟಿಸಿಗೆ ಯಾರಾದರೂ ಹಾಗೆ ಕೈ ಮುಗಿಯುತ್ತಾರೆಯೇ? ನಾನು ಕನ್ನಡಕ ಹಾಕಿಕೊಂಡು ಹೋದೆ.

ಬಲಗಡೆಯ ಫೋಟೋದಲ್ಲಿ ನಮ್ಮಲ್ಲಿ ಬಡಿಸುವ ಹುಡುಗಿ ಹೊಸ ಕಪ್ಪು ಬಟ್ಟೆ ಹಾಕಿ, ಟೋಪಿ ಹಾಕಿ, ಹಲ್ಲು ಬಿಟ್ಟು ನಿಂತಿದ್ದಳು. ಅದರ ಮೇಲೆ ಹಸಿರು ಗುರುತು. ಎಡಗಡೆಯ ಫೋಟೋದ ಮೇಲೆ ಕೆಂಪು ಅಡ್ಡ ಗೀಟು. ಅದರಲ್ಲಿ ಒಬ್ಬ ಗಂಡಸು ಒಲೆಯ ಮುಂದೆ ನಿಂತಿದ್ದಾನೆ, ಕುತ್ತಿಗೆಯಿಂದ ಮೇಲಕ್ಕೆ ಕತ್ತರಿಸಿದ್ದಾರೆ. ಹೆಗಲ ಮೇಲೆ ನೀಲಿ ಚೌಕಳಿಯ ಟವೆಲ್ಲು. ಮೊಣಕೈ ಹತ್ತಿರ ಎಣ್ಣೆ ಸಿಡಿದ ಕಲೆ. ಮಣಿಕಟ್ಟಿಗೆ ದೇವಸ್ಥಾನದ ದಾರ. ಬಲಗಾಲಿನ ಮಂಡಿ ನೋಯುತ್ತಿದ್ದುದರಿಂದ ಭಾರವನ್ನೆಲ್ಲ ಎಡಗಾಲಿಗೆ ಹಾಕಿ ನಿಂತಿದ್ದಾರೆ. ಟವೆಲ್ಲಿಗೆ ಒಂದು ಕೆಂಪು ಬಾಣ, ದಾರಕ್ಕೆ ಒಂದು, ಚಪ್ಪಲಿಗೆ ಒಂದು.

ಟವೆಲ್ಲಿನ ಅಂಚು ಬಿಚ್ಚಿದಾಗ ಬೇರೆ ಬಣ್ಣದ ದಾರದಲ್ಲಿ ಹೊಲಿದವಳು ನಾನು. ಆ ಹೊಲಿಗೆಯೂ ಕಾಣುತ್ತಿತ್ತು.

ಇಂಗ್ಲಿಷು, ಸ್ಪ್ಯಾನಿಷು ಎರಡೂ ಬಾರದವರಿಗೆಂದೇ ಫೋಟೋ ಹಾಕಿದ್ದರಂತೆ. ಆ ಅಡುಗೆಮನೆಯಲ್ಲಿ ಎರಡೂ ಬಾರದವಳು ನಾನೊಬ್ಬಳೇ.

ಮ್ಯಾನೇಜರ್ ಓನರಿನ ತಂಗಿಯ ಮಗ. ಬೆಂಗಳೂರಿನಿಂದ ಬಂದು ಇಲ್ಲಿ ಓದಿದವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮಣ್ಣಿಗೆ ಬಂದಿದ್ದ, ಹೂವು ತಂದಿದ್ದ. ನಮ್ಮವರನ್ನು ಅಂಕಲ್ ಎನ್ನುತ್ತಿದ್ದ. ಪಕ್ಕದ ಊರು ಮಿಲ್ಪಿಟಾಸ್‌ನಲ್ಲಿ ಎರಡನೇ ಬ್ರಾಂಚು ತೆರೆಯುವವರಿದ್ದರು, ಎರಡೂ ಕಡೆ ಒಂದೇ ರೀತಿ ಇರಬೇಕು ಎಂದು ಈ ನಿಯಮಗಳನ್ನೆಲ್ಲ ಅವನೇ ಕೂತು ಬರೆದದ್ದು. ಮಧ್ಯಾಹ್ನದ ಗಿರಾಕಿಗಳು ಹೋದಮೇಲೆ ಅವನು ಒಂದು ಕಾಗದ ಹಿಡಿದುಕೊಂಡು ಬಂದ. ನೋಟಿಸು ಓದಿ ಒಪ್ಪಿದ್ದೇವೆ ಎಂದು ಎಲ್ಲರೂ ಸಹಿ ಮಾಡಬೇಕಿತ್ತು.

“ಆಂಟಿ, ಇಲ್ಲೊಂದು ಸೈನು.”

“ಆ ಫೋಟೋ ತಗೀರಿ, ಮಾಡ್ತೀನಿ.”

ಅವನು ಸಿಂಕಿನ ಕಡೆ ನೋಡಿದ. ಮುಖ ಬಿಳಿಚಿತು. “ಯಾವ ಫೋಟೋ?”

“ಎಡಗಡೀದು. ಅದು ನಮ್ಮನಿಯವರದು.”

“ಆಂಟಿ, ಪ್ಲೀಸ್, ತಪ್ಪು ತಿಳ್ಕೋಬೇಡಿ. ಮುಖ ಪೂರ್ತಿ ತೆಗೆದಿದೀನಿ. ಯಾರು ಅಂತ ಯಾರಿಗೂ ಗೊತ್ತಾಗಲ್ಲ.”

“ಆ ತರಕಾರಿ ಹೆಚ್ಚಾಕಿಗೆ ಗೊತ್ತಾತು. ದ್ವಾಸಿಯವಗ ಗೊತ್ತಾತು. ನನಗ ಗೊತ್ತಾಗೂದಿಲ್ಲೇನು?”

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ. ಆಮೇಲೆ ಹೇಳಿದ. ಅವನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. “ಇರೋರ ಫೋಟೋ ಹಾಕಿದ್ರೆ ಅವರು ಬೇಜಾರ್ ಮಾಡ್ಕೋತಾರೆ ಆಂಟಿ. ನನ್ನನ್ನೇ ತೋರಿಸ್ತೀಯಾ ಅಂತ ಜಗಳಕ್ಕೆ ಬರ್ತಾರೆ. ಯಾರಿಗೂ ಹರ್ಟ್ ಆಗ್ಬಾರ್ದು ಅಂತಾನೇ... ಅಂಕಲ್ದು ಆದ್ರೆ...”

ಅಲ್ಲಿಗೆ ನಿಲ್ಲಿಸಿದ. ಉಳಿದದ್ದು ನನಗೆ ತಿಳಿಯಿತು. ಅಂಕಲ್ ಆದರೆ ಜಗಳಕ್ಕೆ ಬರುವುದಿಲ್ಲ.

ಇದನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಅದೇ ನನಗೆ ಇವತ್ತಿಗೂ ಅರಗುವುದಿಲ್ಲ. ಬದುಕಿದ್ದ ಎಂಟು ಹತ್ತು ಜನರ ಮನಸ್ಸು ನೋಯಬಾರದು ಎಂದು ಯೋಚಿಸಿ, ಯೋಚಿಸಿ, ಸತ್ತವರನ್ನು ಆರಿಸಿದ. ಸತ್ತವರಿಗೆ ಮನೆಯಿದೆ, ಮನೆಯಲ್ಲಿ ಜನ ಇದ್ದಾರೆ, ಆ ಜನ ಅದೇ ಸಿಂಕಿನಲ್ಲಿ ಕೈ ತೊಳೆಯುತ್ತಾರೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

“ಎಲ್ಲಾ ಪ್ರಿಂಟ್ ಆಗೋಗಿದೆ ಆಂಟಿ, ಮಿಲ್ಪಿಟಾಸಿಗೂ ಹೋಗಿದೆ. ನೆಕ್ಸ್ಟ್ ಸಲ ಪ್ರಿಂಟ್ ಮಾಡುವಾಗ ಖಂಡಿತ ಚೇಂಜ್ ಮಾಡ್ತೀನಿ. ಇವತ್ತು ಸೈನ್ ಮಾಡಿ. ಸೈನ್ ಇಲ್ದಿದ್ರೆ ಸಿಸ್ಟಮ್ಮಲ್ಲಿ ಮುಂದಿನ ವಾರದ ಶೆಡ್ಯೂಲ್ ಹಾಕಕ್ಕಾಗಲ್ಲ.”

“ಹಾಕಬ್ಯಾಡ್ರಿ.”

ಇಷ್ಟು ಗಟ್ಟಿಯಾಗಿ ನಾನು ಮಾತಾಡುವವಳಲ್ಲ. ಮಾತೆಲ್ಲ ಅವರದು, ನಾನು ಹಿಂದೆ ನಿಂತು ಹೂಂ ಅನ್ನುವವಳು. ಅವರು ಇದ್ದಿದ್ದರೆ ಈ ಜಗಳ ಅವರೇ ಮಾಡುತ್ತಿದ್ದರು, ಅಥವಾ ನಕ್ಕು ಟವೆಲ್ಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಎರಡರಲ್ಲಿ ಯಾವುದೆಂದು ನನಗೆ ಈಗ ಹೇಳಲಾಗುವುದಿಲ್ಲ. ಇಷ್ಟು ಬೇಗ ಅದು ಮರೆತುಹೋಯಿತು.

ಹೊರಡುವ ಮೊದಲು ಫೋನಿನಲ್ಲಿ ನೋಟಿಸಿನ ಫೋಟೋ ತೆಗೆದುಕೊಂಡೆ. ಯಾಕೆ ತೆಗೆದೆನೋ. ಬಸ್ಸಿನಲ್ಲಿ ಕೂತು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕೆಂಪು ಗೀಟನ್ನು ಬಿಟ್ಟು ನೋಡಲು ಕಲಿತೆ. ಕೆಲಸ ಮಾಡುವಾಗಿನ ಅವರು ಅದರಲ್ಲಿದ್ದರು. ಇಷ್ಟು ದಿನ ಹುಡುಕಿ ಸಿಗದಿದ್ದದ್ದು. ಒಲೆ, ಉಗಿ, ಆ ಎಡಗಾಲು. ಮುಖ ಒಂದು ಬಿಟ್ಟು ಎಲ್ಲ.

ಮಗಳು ಕಾಲೇಜಿನಿಂದ ಬಂದಾಗ ತೋರಿಸಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದು ಕಡಿಮೆ.

“ಓ ಮೈ ಗಾಡ್. ಅಮ್ಮಾ, ದಟ್ಸ್ ಅಪ್ಪ.”

“ಹೌದು.”

“ದೇ ಕಟ್ ಹಿಸ್ ಹೆಡ್ ಆಫ್?” ಅವಳು ಎದ್ದು ನಿಂತಳು. ಈಗಲೇ ಇಂಟರ್ನೆಟ್ಟಿಗೆ ಹಾಕುತ್ತೇನೆ, ಊರಿಗೆಲ್ಲ ತಿಳಿಯಲಿ ಎಂದಳು.

“ಬ್ಯಾಡ. ಇನ್ನಾ ನಾಕು ಮಂದಿ ನೋಡತಾರ, ಅಷ್ಟ.”

ಅವಳು ನನ್ನ ಪಕ್ಕ ಕೂತು ಬಹಳ ಹೊತ್ತು ಅತ್ತಳು. ಗ್ರೀನ್ ಕಾರ್ಡಿನ ಫೋಟೋದ ಮುಂದೆ ಅವಳೂ ಅತ್ತಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, ಒಂದು ಮಾತು ಹೇಳಿದಳು. ಫೋನಿನಲ್ಲಿ ಫೋಟೋ ಕತ್ತರಿಸಿದರೆ ಕತ್ತರಿಸಿದ ತುಂಡು ಹೋಗಿಬಿಡುವುದಿಲ್ಲ, ಹೆಚ್ಚಾಗಿ ಹಳೆಯದು ಒಳಗೇ ಇರುತ್ತದೆ, ಒಂದು ಬಟನ್ ಒತ್ತಿದರೆ ವಾಪಸ್ ಬರುತ್ತದೆ. “ಹಿ ಮೈಟ್ ಸ್ಟಿಲ್ ಹ್ಯಾವ್ ಇಟ್, ಅಮ್ಮಾ. ಅಪ್ಪನ ಫೇಸ್. ಕೇಳು ಅವನ್ನ.”

ಅಲ್ಲಿಯವರೆಗೆ ನನಗೆ ಬೇಕಿದ್ದುದು ಆ ಫೋಟೋ ಗೋಡೆಯಿಂದ ಇಳಿಯುವುದು. ಆಗಿನಿಂದ ಅದಕ್ಕಿಂತ ಹೆಚ್ಚಿನದೊಂದು ಬೇಕಾಯಿತು. ಬೇಕಾದದ್ದು ಹೆಚ್ಚಾದಷ್ಟೂ ಮನುಷ್ಯ ಮೆತ್ತಗಾಗುತ್ತಾನೆ. ನಾನೂ ಆದೆ. ಮರುದಿನ ಮ್ಯಾನೇಜರಿಗೆ ಫೋನು ಮಾಡಿ ಕೇಳಿಕೊಂಡೆ. ಸಹಿ ಬೇಕಾದರೆ ಈಗಲೇ ಬಂದು ಮಾಡುತ್ತೇನೆ, ಆ ಮುಖದ ಫೋಟೋ ಇದ್ದರೆ ಕೊಡಿ ಎಂದೂ ಹೇಳಿದೆ.

“ಡಿಲೀಟ್ ಆಗಿದೆ ಆಂಟಿ,” ಎಂದ. ಯೋಚಿಸಲೂ ಇಲ್ಲ, ಹುಡುಕಲೂ ಇಲ್ಲ. “ಹಳೇ ಫೋಟೋ ಅದು.”

ಫೋಟೋ ಇಲ್ಲವೆಂದ ಮೇಲೆ ನಾನೂ ಸಹಿಗೆ ಹೋಗಲಿಲ್ಲ. ಮುಂದಿನ ವಾರದ ಶೆಡ್ಯೂಲಿನಲ್ಲಿ ನನ್ನ ಹೆಸರಿರಲಿಲ್ಲ. ಮಗಳು, ಅವರು ಹಾಗೆ ಮಾಡುವ ಹಾಗಿಲ್ಲ ಎಂದಳು. ಮಾಡಿದ್ದಾರಲ್ಲ ಎಂದೆ. ದೋಸೆಯವನು ಫೋನು ಮಾಡಿದ. ಅವನು ನೋಟಿಸು ಬಂದ ದಿನವೇ ಸಹಿ ಮಾಡಿಬಿಟ್ಟಿದ್ದ.

“ಅಕ್ಕ, ನಂಗೆ ಮುಖ ಇಲ್ಲ ನಿಮ್ಮತ್ರ ಮಾತಾಡೂಕೆ. ಎರಡು ಮಕ್ಕಳು, ಬಾಡಿಗೆ...”

“ನನಗ ತಿಳೀತದೋ. ನೀ ಯಾಕ ಅಂಜತಿ?”

“ಅಣ್ಣ ಇದ್ದಿದ್ರೆ ನಂಗೆ ಎರಡು ಬಿಡ್ತಿದ್ರು.”

“ಬಿಡತಿದ್ದರು. ಆಮ್ಯಾಲೆ ಊಟಕ್ಕ ಕರೀತಿದ್ದರು.”

ಅವನು ಆ ಕಡೆ ಮೂಗು ಎಳೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, ತರಕಾರಿಯವಳು ನೋಟಿಸಿನ ಎಡಗಡೆಯ ಮೇಲೆ ಬ್ಯಾಂಡೇಜು ಅಂಟಿಸಿದ್ದಳಂತೆ. ಬೆರಳು ಕೊಯ್ದುಕೊಂಡರೆ ಹಾಕುವ ನೀಲಿ ಬ್ಯಾಂಡೇಜು, ಅಡುಗೆಮನೆಯ ಪೆಟ್ಟಿಗೆಯಲ್ಲಿರುವುದು. ಕೆಂಪು ಗೀಟು ಕಾಣದ ಹಾಗೆ ಒಂದರ ಪಕ್ಕ ಒಂದು. ಮ್ಯಾನೇಜರ್ ಕಿತ್ತು ಹಾಕಿದ. ಮರುದಿನ ಅವಳು ಮತ್ತೆ ಅಂಟಿಸಿದಳು. ಯಾರು ಮಾಡಿದ್ದೆಂದು ಕೇಳಿದರೆ ಎಲ್ಲರೂ “ಗೊತ್ತಿಲ್ಲ” ಎಂದರಂತೆ, ಅವಳೂ ಕನ್ನಡದಲ್ಲೇ. ಅಷ್ಟು ಕನ್ನಡ ಅವಳಿಗೆ ಯಾರು ಕಲಿಸಿದರೋ.

ಆ ಭಾನುವಾರ ಒಂದು ಕನ್ನಡ ಸಂಘದವರಿಗೆ ಹೋಟೆಲಿನಲ್ಲಿ ಜೋಳದ ರೊಟ್ಟಿ ಊಟ ಹೇಳಿಯಾಗಿತ್ತು. ಶನಿವಾರ ಮಧ್ಯಾಹ್ನ ಓನರ್ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಗಂಡ ಹೋದಮೇಲೆ ಅವರು ಬಂದದ್ದು ಅದೇ ಎರಡನೆಯ ಸಲ. ಮೊದಲ ಸಲ ಹಣ್ಣು ತಂದಿದ್ದರು. ಈ ಸಲವೂ ತಂದರು. ಮೈಸೂರಿನ ಕಡೆಯ ಮೆದುಮಾತಿನ ಮನುಷ್ಯ, ಕಂಪನಿ ಕೆಲಸ ಬಿಟ್ಟು ಹೋಟೆಲು ಮಾಡಿದವರು. ಸೋಫಾದ ತುದಿಯಲ್ಲಿ ಕೂತರು.

“ಏನಮ್ಮಾ, ನಂಗೆ ಇವತ್ತೇ ಗೊತ್ತಾಗಿದ್ದು. ನೋಟಿಸು ನಾನು ಸರಿಯಾಗಿ ನೋಡೇ ಇರಲಿಲ್ಲ. ಅವನಿಗೆ ಚೆನ್ನಾಗಿ ಬೈದಿದೀನಿ.”

“ನೋಡಲಾರದ ನಿಮ್ಮ ಸಹಿ ಹಾಕೀರಿ. ನೋಟಿಸಿನ ಕೆಳಗ ಐತಲ್ಲ.”

ಅವರು ಹಣ್ಣಿನ ಚೀಲವನ್ನು ನನ್ನ ಕಡೆ ಸರಿಸಿದರು. “ಇವತ್ತೇ ತೆಗಿಸ್ತೀನಿ. ಎರಡೂ ಕಡೆ. ನಾಳೆ ನೀವು ಬರಬೇಕು. ನೂರಾರು ಜನ ಬರ್ತಾರೆ, ರೊಟ್ಟಿ ಬೇರೆಯವರ ಕೈಲಿ ಆಗಲ್ಲ.”

ಅವರು ಬಂದದ್ದು ರೊಟ್ಟಿಗೆ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಆದರೂ ನನ್ನ ಕೈಯಲ್ಲಿ ಇದ್ದದ್ದು ಅದೊಂದೇ, ಹಾಗಾಗಿ ಅದನ್ನೇ ಹಿಡಿದು ಕೇಳಿದೆ.

“ನಿಮ್ಮ ಅಳಿಯನ ಫೋನಿನ್ಯಾಗ ಆ ಫೋಟೋ ಪೂರ್ತಿ ಇರಬೇಕು. ಮುಖ ಇದ್ದದ್ದು. ಅದು ನನಗ ಬೇಕು. ನಾಳೆ ಮುಂಜಾನೆ, ರೊಟ್ಟಿಗೆ ಹಿಟ್ಟು ಕಲಸೂಕಿಂತ ಮೊದಲ.”

ಭಾನುವಾರ ಬೆಳಿಗ್ಗೆ ಹೋದಾಗ ಸಿಂಕಿನ ಮೇಲೆ ಗೋಡೆ ಬೋಳಾಗಿತ್ತು. ಓನರ್, ಮ್ಯಾನೇಜರ್ ಇಬ್ಬರೂ ಅಕ್ಕಿ ಮೂಟೆಗಳ ಪಕ್ಕದ ಆ ಸಣ್ಣ ಆಫೀಸಿನಲ್ಲಿ ಇದ್ದರು. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಮ್ಯಾನೇಜರ್ ಫೋನು ಅವಳ ಕೈಗೆ ಕೊಟ್ಟ. ಡಿಲೀಟ್ ಆಗಿರಲಿಲ್ಲ. ಅವಳು ಏನೋ ಒತ್ತಿದಳು. ಫೋಟೋ ಮೇಲಕ್ಕೆ ಬೆಳೆಯಿತು.

ಅವರು ನಗುತ್ತಿದ್ದರು.

ನಾನು ಎಣಿಸಿದ್ದು ಬೇರೆ. ಅವರಿಗೆ ತಿಳಿಯದ ಹಾಗೆ, ಕೆಲಸದ ನಡುವೆ ತೆಗೆದ ಫೋಟೋ ಎಂದುಕೊಂಡಿದ್ದೆ. ಇಲ್ಲ. ಅವರು ನೇರವಾಗಿ ಫೋನಿನ ಕಡೆ ನೋಡುತ್ತಿದ್ದರು. ಗದ್ದ ಎತ್ತಿ, ಕೂದಲು ಕೈಯಿಂದ ಹಿಂದಕ್ಕೆ ಒತ್ತಿಕೊಂಡದ್ದು ಕಾಣುತ್ತಿತ್ತು. ಈಗ ನೋಡಿದರೆ ಹೆಗಲ ಮೇಲಿನ ಟವೆಲ್ಲೂ ಎಂದಿನ ಹಾಗೆ ಸುರುಳಿಯಾಗಿರಲಿಲ್ಲ. ಮಡಿಸಿ, ಅಂಚಿಗೆ ಅಂಚು ಕೂಡಿಸಿ, ಶಲ್ಯದ ಹಾಗೆ ಹಾಕಿಕೊಂಡಿದ್ದರು. ಜೀವನವೆಲ್ಲ ಫೋಟೋಕ್ಕೆ ಬೆನ್ನು ತೋರಿಸಿದ ಮನುಷ್ಯ, ಅವತ್ತು ತಿರುಗಿ ನಿಂತಿದ್ದರು.

“ಅವರಿಗೆ ಏನಂತ ಹೇಳಿ ತಗದಿ?” ಎಂದು ಕೇಳಿದೆ. ಆಗ ನಾನು ಅವನಿಗೆ ರೀ ಹಚ್ಚಲಿಲ್ಲ.

ಮ್ಯಾನೇಜರ್ ಮಾವನ ಮುಖ ನೋಡಿದ. ಓನರ್ ನೆಲ ನೋಡಿದರು.

“ಕೌಂಟಿಯವರು ಟವೆಲ್ ವಿಷಯ ಬರೆದು ಹೋಗಿದ್ರು ಆಂಟಿ. ಮಾವನಿಗೆ ತೋರಿಸೋಣ ಅಂತ ತೆಗೆಯೋಕೆ ಹೋದೆ. ಅಂಕಲ್ ನೋಡಿಬಿಟ್ರು. ಯಾಕಪ್ಪಾ ಅಂತ ಕೇಳಿದ್ರು. ನಂಗೆ ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ. ವೆಬ್‌ಸೈಟಿಗೆ ಅಂದೆ. ನಮ್ಮ ಮೇನ್ ಶೆಫ್ ಅಂತ ಹಾಕ್ತೀವಿ ಅಂದೆ.”

“ಆಮ್ಯಾಲೆ?”

“ಒಂದು ನಿಮಿಷ ತಡಿ ಅಂತ... ಸರಿಯಾಗಿ ನಿಂತ್ಕೊಂಡ್ರು.”

ಮಗಳು ಫೋಟೋವನ್ನು ನನ್ನ ಫೋನಿಗೆ ಕಳಿಸಿದಳು, ತನಗೂ ಕಳಿಸಿಕೊಂಡಳು. ನಮ್ಮವರು ಈ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಹಾಕಿದ ಮೇಲೆ ತೋರಿಸೋಣ ಎಂದುಕೊಂಡಿದ್ದರೋ, ದಿನಾ ಯಾರ ಫೋನಿನಲ್ಲಾದರೂ ನೋಡಿಸಿ, ಬಂದಿಲ್ಲವೆಂದು ಸುಮ್ಮನಾದರೋ. ಕೇಳುವುದಕ್ಕೆ ಯಾರಿದ್ದಾರೆ.

ಓನರಿನ ಕಣ್ಣು ಒದ್ದೆಯಾಗಿತ್ತು. ಸುಳ್ಳು ಕಣ್ಣೀರಲ್ಲ. “ಅಮ್ಮಾ, ಈ ಫೋಟೋ ನಾನು ದೊಡ್ಡದು ಮಾಡಿಸ್ತೀನಿ. ಒಳ್ಳೆ ಫ್ರೇಮು. ಕ್ಯಾಶ್ ಕೌಂಟರ್ ಹತ್ರ, ಗಣಪತಿ ಪಕ್ಕ, ಗಂಧದ ಹಾರ ಹಾಕಿ ಇಡೋಣ. ಬಂದವರೆಲ್ಲ ನೋಡ್ಲಿ, ಈ ಹೋಟೆಲ್ ಕಟ್ಟಿದವರು ಇವರು ಅಂತ. ವೆಬ್‌ಸೈಟಿಗೂ ಹಾಕ್ಸೋಣ. ಇವತ್ತೇ.”

ಮಗಳು ನನ್ನ ಕೈ ಒತ್ತಿದಳು. ಅವಳಿಗೆ ಬೇಕಿತ್ತು. ಅಪ್ಪ ಕೌಂಟರಿನ ಹತ್ತಿರ, ಎಲ್ಲರೂ ಕಾಣುವ ಹಾಗೆ. ಒಪ್ಪಿಕೊಂಡಿದ್ದರೆ ಒಳ್ಳೆಯದಿತ್ತೋ ಏನೋ. ಅವರು ಅವತ್ತು ನಿಂತದ್ದು ಅದಕ್ಕೇ ತಾನೆ.

“ಬ್ಯಾಡ್ರಿ,” ಎಂದೆ. “ನಿಮ್ಮ ಗ್ವಾಡಿಗೆ ಅವರು ಒಮ್ಮೆ ಹತ್ತಿದ್ದು ಸಾಕು.”

“ಅದು ಬೇರೆ, ಇದು ಬೇರೆ ಅಮ್ಮಾ...”

“ಎರಡೂ ಅದೇ ಫೋಟೋ.”

ಅವರು ಮತ್ತೆ ಒತ್ತಾಯ ಮಾಡಲಿಲ್ಲ. ನಾನು ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಸಹಿ ಮಾಡಿದೆ, ಕನ್ನಡದಲ್ಲಿ. ನಿಯಮಗಳ ಮೇಲೆ ನನಗೇನೂ ತಕರಾರಿರಲಿಲ್ಲ. ತಲೆಗೆ ನೆಟ್ಟು, ಸಣ್ಣ ಉಗುರು, ಒರೆಸುವ ಬಟ್ಟೆ ಬಕೆಟ್ಟಿನಲ್ಲಿ, ಎಲ್ಲ ಸರಿಯಾದದ್ದೇ. ಸಹಿ ಮಾಡುವಾಗ ನನ್ನ ಕೈಯ ಬಳೆ ಮೇಜಿಗೆ ತಾಗಿ ಸದ್ದಾಯಿತು. ಅವನ್ನೂ ಒಂದನೇ ತಾರೀಖಿನಿಂದ ತೆಗೆಯಬೇಕಿತ್ತು. ಮ್ಯಾನೇಜರ್ ಅದನ್ನು ನೋಡಿ, “ಆಂಟಿ, ನಿಮಗೆ ಬೇಕಾದ್ರೆ ಅದಕ್ಕೆ ಎಕ್ಸೆಪ್ಷನ್...” ಎಂದು ಶುರುಮಾಡಿದ.

“ನನಗ ಏನೂ ಬ್ಯಾಡ. ಎಲ್ಲಾರಿಗೆ ಹೆಂಗೋ ಹಂಗ.”

ಮಗಳು ಸಂಜೆ ಕರೆದೊಯ್ಯಲು ಬರುತ್ತೇನೆಂದು ಹೊರಗೆ ಹೋದಳು. ಸಿಟ್ಟಾಗಿದ್ದಳು. ನನ್ನ ಮೇಲೆ. ಇವತ್ತಿಗೂ ಆ ಮಾತು ಬಂದರೆ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಅದೂ ಒಂದೇ ಮಾತಿನಲ್ಲಿ. ಅವಳು ಆ ಫೋಟೋವನ್ನು ತನ್ನ ಕೋಣೆಯಲ್ಲಿ ಹಚ್ಚಿಕೊಂಡಿದ್ದಾಳೆ. ನನ್ನದು ಫೋನಿನೊಳಗಿದೆ. ತೆಗೆದು ನೋಡುತ್ತೇನೆ, ಆದರೆ ಬಹಳ ಹೊತ್ತು ನೋಡಲಾಗುವುದಿಲ್ಲ. ನಾನು ಇಷ್ಟು ವರ್ಷ ಕೇಳಿಕೊಂಡರೂ ನನಗೆ ಕೊಡದಿದ್ದ ಆ ನಗು, ಒಂದು ಸುಳ್ಳಿಗೆ ಕೊಟ್ಟ ನಗು. ಅವರನ್ನು ಹಿಡಿದು ಅಲುಗಿಸಿ, ತಿರುಗಿ ನಿಲ್ಲಬೇಡಿ, ನಿಮ್ಮ ಕೆಲಸ ನೀವು ಮಾಡಿ, ಎನ್ನಬೇಕೆನಿಸುತ್ತದೆ.

ಆಫೀಸಿನಿಂದ ಹೊರಗೆ ಬಂದು ಬಿಸಿನೀರು ಇಟ್ಟು ಹಿಟ್ಟು ಕಲಸಿದೆ. ತರಕಾರಿಯವಳು ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದಳು. ನಾನು ಫೋನು ತೆಗೆದು ತೋರಿಸಿದೆ. ಅವಳು ಈ ಸಲ ಶಿಲುಬೆ ಗುರುತು ಮಾಡಲಿಲ್ಲ. ನಕ್ಕಳು. ಅವರ ನಗು ನೋಡಿ ನಗು ಬಂದದ್ದು, ಅಷ್ಟೇ. ನಾನು ಫೋನು ಒಳಗಿಟ್ಟು ಕೈ ತೊಳೆದು ಮೊದಲನೆಯ ರೊಟ್ಟಿ ಬಡಿದೆ. ಹೊರಗೆ ಸಂಘದವರು ಬಂದು ಕೂರತೊಡಗಿದ್ದರು, ಯಾರೋ ಉಪ್ಪಿನಕಾಯಿ ಕೇಳುತ್ತಿದ್ದರು.